ಬಾಯಿ ಜೋರು, ಕೈ ಖಾಲಿ. ಏನು ಮಾಡಬಹುದು ಹೇಳಿ

ಸೀರೆ ಕೌಂಟರ್ 27
ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 27, ಊರು ದಾವಣಗೆರೆ. ಪಿಯುಸಿ ಆದ ಮೇಲೆ ಏಳು ವರ್ಷದಿಂದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಕೌಂಟರ್‌ನಲ್ಲಿ ಇದ್ದೇನೆ. ಸಂಬಳ 16 ಸಾವಿರ. ಮಾತಾಡೋಕೆ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ, ಆದರೆ ಮಾತು ಮಾತ್ರ ಚೆನ್ನಾಗಿ ಬರುತ್ತದೆ. ಯಾರಾದರೂ "ಸಿಂಪಲ್ ಆಗಿರೋದು ತೋರಿಸಿ" ಅಂದರೆ ಮೂರು ಸೀರೆ ಬಿಡಿಸಿ ಹಾಕುತ್ತೇನೆ. ಬಾಯಲ್ಲಿ ಒಂದು ಸೀರೆ ಹೊಗಳುತ್ತಿರುತ್ತಾರೆ, ಕೈ ಇನ್ನೊಂದರ ಸೆರಗು ಸವರುತ್ತಿರುತ್ತದೆ. ಕೈ ಹಿಡಿದದ್ದೇ ಬಿಲ್ ಆಗುವುದು. ಇದು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ಈಗ ಸ್ವಂತ ಏನಾದರೂ ಮಾಡಬೇಕು ಅಂತ ಆಸೆ. ಮಾರೋಕೆ ನನ್ನದು ಅಂತ ಮಾಲಿಲ್ಲ. ಬ್ಯಾಂಕಿನಲ್ಲಿ 11 ಸಾವಿರ ಇದೆ, ಒಂದು ಬೈಕ್ ಇದೆ. ಕಂಪ್ಯೂಟರ್ ಅಂದರೆ ಹೆದರಿಕೆ. ಇಂಥವನಿಗೆ ದಾರಿ ಇದೆಯಾ?

ಕೋಟೆ ಕೆರೆ
ಆಂಕರಿಂಗ್ ಮಾಡು ಗುರು. ಮದುವೆ ರಿಸೆಪ್ಷನ್‌ಗಳಲ್ಲಿ ಒಳ್ಳೆ ದುಡ್ಡು. ಧ್ವನಿ ಚೆನ್ನಾಗಿದ್ದರೆ ಎಫ್‌ಎಂಗೂ ಟ್ರೈ ಮಾಡಬಹುದು.

ಸೀರೆ ಕೌಂಟರ್ 27
ಮೈಕ್ ಹಿಡಿದರೆ ನನ್ನ ನಾಲಿಗೆ ಒಣಗುತ್ತದೆ ಸಾರ್. ಎದುರಿಗೆ ಒಬ್ಬರಿರಬೇಕು, ಅವರಿಗೆ ಏನೋ ಬೇಕಾಗಿರಬೇಕು. ಆಗ ಮಾತ್ರ ಬರುತ್ತದೆ.

ವಿಮೆ ವೀರ
ಇನ್ಶೂರೆನ್ಸ್ ಏಜೆಂಟ್ ಆಗಿ ಬ್ರದರ್. ಬಂಡವಾಳ ಸೊನ್ನೆ. ಫಾರಂ ತುಂಬಿಕೊಟ್ಟರೆ ಸಾಕು, ಮರುದಿನದಿಂದ ಕಮಿಷನ್. ಮೊದಲ ಕಂತಿನಲ್ಲಿ ಗಿರಾಕಿಗೂ ಸ್ವಲ್ಪ ಬಿಟ್ಟುಕೊಟ್ಟರೆ ಪಾಲಿಸಿ ತಾನಾಗೇ ಬರುತ್ತದೆ.

ಸುಮ್ನೆ ಓದೋಳು
ಅರ್ಧ ಸರಿ, ಅರ್ಧ ಅಪಾಯ. ಬಂಡವಾಳ ಬೇಡ, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು, ಅದು ನಿಜ. ಆದರೆ ತರಬೇತಿ ಇದೆ, ಪರೀಕ್ಷೆ ಇದೆ, ಪಾಸಾದ ಮೇಲೇ ಏಜೆಂಟ್. ಗಿರಾಕಿಗೆ ಕಮಿಷನ್ ಬಿಟ್ಟುಕೊಡುವುದು 1938ರ ವಿಮಾ ಕಾಯ್ದೆಯಲ್ಲೇ ನಿಷೇಧ. ನಮ್ಮ ಯಜಮಾನರು ಎರಡು ವರ್ಷ ಮಾಡಿದರು. ಮೊದಲ ಆರು ತಿಂಗಳು ನೆಂಟರು ಇದ್ದರು, ಪಾಲಿಸಿ ಬಂತು. ನೆಂಟರು ಮುಗಿದರು, ಪಾಲಿಸಿಯೂ ಮುಗಿಯಿತು. ಈಗಲೂ ನನ್ನ ಚಿಕ್ಕಪ್ಪ ಅವರನ್ನು ಕಂಡರೆ ರಸ್ತೆ ದಾಟುತ್ತಾರೆ.

ವಿಮೆ ವೀರ
ಎಲ್ಲರೂ ಬಿಟ್ಟುಕೊಡುತ್ತಾರೆ ಮೇಡಂ. ನಾನು ಇರುವ ವಿಷಯ ಹೇಳಿದೆ ಅಷ್ಟೆ.

ಸೈಟು ಸೀನಣ್ಣ
ಸೈಟು, ಮನೆ ಬ್ರೋಕರ್ ಕೆಲಸ ನೋಡು. ಒಂದು ಡೀಲ್ ಕುದುರಿದರೆ ನಿನ್ನ ಆರು ತಿಂಗಳ ಸಂಬಳ.

ಲೆಕ್ಕದ ಮೇಷ್ಟ್ರು
ಬಾಡಿಗೆ ಮನೆ ಕೊಡಿಸುವುದಾದರೆ ಸರಿ. ರೇರಾದಲ್ಲಿ ನೋಂದಣಿ ಆಗಿರುವ ಲೇಔಟ್, ಅಪಾರ್ಟ್‌ಮೆಂಟ್ ಮಾರಿಸಬೇಕು ಅಂದರೆ ಏಜೆಂಟ್ ಕೂಡ ರೇರಾದಲ್ಲಿ ನೋಂದಣಿ ಆಗಿರಬೇಕು. ಕರ್ನಾಟಕದಲ್ಲಿ ಒಬ್ಬರೇ ಮಾಡುವವರಿಗೆ ಶುಲ್ಕವೇ 25 ಸಾವಿರ. ಇವರ ಹತ್ತಿರ ಇರುವುದು 11. ಮತ್ತೆ ಆ ಒಂದು ಡೀಲ್ ಕುದುರುವ ತನಕ ಮನೆಯಲ್ಲಿ ಒಲೆ ಉರಿಯಬೇಕಲ್ಲ.

ಹಳೇ ಆರ್ಡರ್‌ಮ್ಯಾನ್
ನಾನು 22 ವರ್ಷ ಬೇರೆಯವರ ಮಾಲಿಗೆ ಆರ್ಡರ್ ಹಿಡಿಯುವ ಕೆಲಸ ಮಾಡಿದವನು. ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ ಸುತ್ತ ಹೋಟೆಲ್‌ಗಳಿಗೆ ಪಾತ್ರೆ, ಆಮೇಲೆ ಕೇಟರಿಂಗ್ ಸಾಮಾನು. ನನ್ನದು ಅಂತ ಒಂದು ಚಮಚ ಕೂಡ ಇರಲಿಲ್ಲ. ಮಾಡುವವನಿಗೆ ಮಾಲು ಇರುತ್ತದೆ, ಮಾತು ಇರುವುದಿಲ್ಲ. ಕೊಳ್ಳುವವನಿಗೆ ಬೇಕಾಗಿರುತ್ತದೆ, ಹುಡುಕೋಕೆ ಪುರುಸೊತ್ತಿಲ್ಲ. ನಡುವೆ ನಾನು. ಆರ್ಡರ್ ಹಿಡಿಯುವುದು, ಕಮಿಷನ್ ತಗೊಳ್ಳುವುದು.

ತಮ್ಮಾ, ನೀನು ದಾವಣಗೆರೆಯವನು. ಪಕ್ಕದಲ್ಲೇ ಚನ್ನಗಿರಿ. ಎಲ್ಲಿ ನೋಡಿದರೂ ಅಡಿಕೆ ತೋಟ, ಅದರ ಜೊತೆಗೆ ಹಾಳೆ ತಟ್ಟೆ ಮಾಡುವ ಸಣ್ಣ ಸಣ್ಣ ಘಟಕ. ಒಂದು ಶೆಡ್ಡು, ಒಂದು ಮಿಷನ್ನು, ಮನೆಯವರೇ ಕೆಲಸಗಾರರು. ತಟ್ಟೆ ಚೆನ್ನಾಗಿ ಮಾಡುತ್ತಾರೆ, ಮಾರೋಕೆ ಬರಲ್ಲ. ನಿನ್ನ ಊರಿನಲ್ಲಿ ಕಲ್ಯಾಣ ಮಂಟಪ ಎಷ್ಟಿವೆ? ಅಡುಗೆ ಕಾಂಟ್ರಾಕ್ಟರ್ ಎಷ್ಟು ಜನ? ಅದನ್ನು ಮೊದಲು ಎಣಿಸು.

ಮೊದಲು ತಟ್ಟೆ ಮಾಡುವವರ ಹತ್ತಿರ ಹೋಗಬೇಡ, ಎಲ್ಲರೂ ಮಾಡುವ ತಪ್ಪು ಅದು. ಮೊದಲು ಕೊಳ್ಳುವವರ ಹತ್ತಿರ ಹೋಗು. ಒಂದು ವಾರ ಹತ್ತು ಅಡುಗೆ ಕಾಂಟ್ರಾಕ್ಟರ್‌ಗಳನ್ನು ನೋಡು. ಏನೂ ಮಾರಬೇಡ. "ಈಗ ತಟ್ಟೆ ಎಲ್ಲಿಂದ ತರಿಸುತ್ತೀರಿ, ಅದರಲ್ಲಿ ಏನು ಕಿರಿಕಿರಿ" ಅಂತ ಮಾತ್ರ ಕೇಳು. ಒಬ್ಬ ಸಾರು ಸೋರುತ್ತದೆ ಅನ್ನುತ್ತಾನೆ, ಒಬ್ಬ ಬೂಷ್ಟು ಅನ್ನುತ್ತಾನೆ, ಒಬ್ಬ ಮದುವೆ ಹಿಂದಿನ ದಿನ ಫೋನ್ ಎತ್ತಲ್ಲ ಅನ್ನುತ್ತಾನೆ. ಬರೆದುಕೊಂಡು ಆಮೇಲೆ ಚನ್ನಗಿರಿಗೆ ಬೈಕ್ ಹತ್ತು. ಆಗ ನೀನು ಕೆಲಸ ಕೇಳಲು ಹೋದವನಲ್ಲ, ಗಿರಾಕಿ ಸುದ್ದಿ ತಂದವನು.

ಸೀರೆ ಕೌಂಟರ್ 27
ಅಣ್ಣಾ ಇದು ಹೊಸದು ನನಗೆ. ಕಮಿಷನ್ ಎಷ್ಟು ಕೇಳಬೇಕು? ಹೇಗೆ ಕೇಳಬೇಕು?

ಹಳೇ ಆರ್ಡರ್‌ಮ್ಯಾನ್
ನಾನು 8 ಪರ್ಸೆಂಟ್ ತಗೊಳ್ಳುತ್ತಿದ್ದೆ. ಕೆಲವರು 5 ಕೊಡುತ್ತಾರೆ, ಕೆಲವರು 10. ರೇಟಿಗಿಂತ ಮುಖ್ಯ ಇನ್ನೆರಡು ಮಾತು. ಬಿಲ್ಲು ತಟ್ಟೆ ಮಾಡುವವರ ಹೆಸರಿನಿಂದಲೇ ಹೋಗಲಿ, ದುಡ್ಡು ಅವರ ಖಾತೆಗೇ ಬರಲಿ, ದುಡ್ಡು ಬಂದ ದಿನ ನಿನ್ನ ಪಾಲು. ಮಾಲು ಹೋದ ದಿನ ಅಲ್ಲ. ಎರಡನೆಯದು, ನೀನು ಪರಿಚಯ ಮಾಡಿಸಿದ ಗಿರಾಕಿ ಮತ್ತೆ ಮತ್ತೆ ತರಿಸಿದರೂ ನಿನಗೆ ಕಮಿಷನ್ ಇರಬೇಕು. ಎಷ್ಟು ವರ್ಷ ಅಂತ ಮೊದಲೇ ಮಾತಾಡು.

ನಗದು ಮಾತ್ರ ಮುಟ್ಟಬೇಡ. ಒಮ್ಮೆ ಒಬ್ಬ ಹೋಟೆಲ್‌ನವರು 14 ಸಾವಿರ ನನ್ನ ಕೈಗೇ ಕೊಟ್ಟರು, ಫ್ಯಾಕ್ಟರಿಗೆ ತಲುಪಿಸಿ ಅಂತ. ಆ ವಾರ ಮಗಳ ಫೀಸು ಕಟ್ಟಬೇಕಿತ್ತು. ನಾಲ್ಕು ದಿನ ಬಿಟ್ಟು ಹಾಕೋಣ ಅಂದುಕೊಂಡೆ. ಹತ್ತು ದಿನ ಆಯಿತು. ಕಟ್ಟಿದೆ, ಒಂದು ರೂಪಾಯಿ ಇಟ್ಟುಕೊಳ್ಳಲಿಲ್ಲ. ಆದರೂ ಆ ಫ್ಯಾಕ್ಟರಿಯವರು ಮತ್ತೆ ನನಗೆ ಆರ್ಡರ್ ಬುಕ್ ಕೊಡಲಿಲ್ಲ. ಅವರದ್ದು ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ.

ಸೈಟು ಸೀನಣ್ಣ
ಜಿಎಸ್‌ಟಿ ನಂಬರ್ ಇಲ್ಲದೆ ಕಮಿಷನ್ ತಗೊಳ್ಳೋಕೆ ಆಗಲ್ಲ ಅಲ್ವಾ?

ಲೆಕ್ಕದ ಮೇಷ್ಟ್ರು
ಆಗುತ್ತದೆ. ವರ್ಷಕ್ಕೆ 20 ಲಕ್ಷದ ಒಳಗಿನ ಸೇವೆಗೆ ನೋಂದಣಿ ಬೇಕಿಲ್ಲ. ಇವರಿಗೆ ಅಷ್ಟು ಬಂದರೆ ಆಗ ನಾನೇ ಬಂದು ಮಾಡಿಸಿಕೊಡುತ್ತೇನೆ, ಪುಕ್ಕಟೆ.

ಈಗ ಲೆಕ್ಕ ನೋಡೋಣ. 12 ಇಂಚಿನ ತಟ್ಟೆ 5 ರೂಪಾಯಿ ಅಂತ ಇಟ್ಟುಕೊಳ್ಳಿ. 800 ಜನದ ಊಟಕ್ಕೆ ಒಡೆದದ್ದು, ಎರಡು ಸಲ ತಗೊಂಡದ್ದು ಸೇರಿ 900 ತಟ್ಟೆ. ಬಿಲ್ 4,500. ಎಂಟು ಪರ್ಸೆಂಟ್ ಅಂದರೆ 360 ರೂಪಾಯಿ. ಒಂದು ಮದುವೆ ಹಿಡಿಯೋಕೆ ಎರಡು ಸಲ ಓಡಾಡಿದರೆ ಪೆಟ್ರೋಲ್‌ಗೇ ಸರಿ. ಆದ್ದರಿಂದ ಮದುವೆ ಮನೆಯವರ ಹಿಂದೆ ಹೋಗಬೇಡಿ. ತಿಂಗಳಿಗೆ ಐದಾರು ಕಾರ್ಯಕ್ರಮ ಮಾಡುವ ಕಾಂಟ್ರಾಕ್ಟರ್ ಒಬ್ಬರು 5,000 ತಟ್ಟೆ ತರಿಸಿದರೆ 25 ಸಾವಿರದ ಬಿಲ್, ನಿಮಗೆ 2,000. ಇಂಥವರು ಹತ್ತು ಜನ ಸಿಕ್ಕರೆ 20 ಸಾವಿರ. ನಿಮ್ಮ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಅದೂ ಮದುವೆ ತಿಂಗಳಲ್ಲಿ. ಆಷಾಢದಲ್ಲಿ ಏನು ಮಾಡುತ್ತೀರಿ? ಪಿತೃಪಕ್ಷ? ಧನುರ್ಮಾಸ?

ಕೋಟೆ ಕೆರೆ
ಆಷಾಢದಲ್ಲಿ ಸೀರೆ ಡಿಸ್ಕೌಂಟ್ ಸೇಲ್ ಇರುತ್ತದೆ, ಅಲ್ಲಿಗೇ ವಾಪಸ್ ಹೋಗಲಿ 😄

ಹಳೇ ಆರ್ಡರ್‌ಮ್ಯಾನ್
ಮೇಷ್ಟ್ರ ಲೆಕ್ಕ ಸರಿ ಇದೆ. ಅದಕ್ಕೇ ಒಂದೇ ಮಾಲು ನಂಬಿದವನು ಬದುಕುವುದಿಲ್ಲ. ಅದೇ ಹತ್ತು ಕಾಂಟ್ರಾಕ್ಟರ್‌ಗೆ ಹಪ್ಪಳ ಬೇಕು, ಉಪ್ಪಿನಕಾಯಿ ಬೇಕು, ಟಿಶ್ಯೂ ಬೇಕು. ಹೇಗೂ ತಟ್ಟೆಗೆ ಅಂತ ಬಾಗಿಲಿಗೆ ಹೋಗುತ್ತೀಯ. ಅದೇ ಪೆಟ್ರೋಲ್‌ನಲ್ಲಿ ಇನ್ನೆರಡು ಮಾಲು. ಆಷಾಢದಲ್ಲಿ ಹಾಸ್ಟೆಲ್, ಪಿಜಿಗಳಿಗೆ ಹಪ್ಪಳ ನಿಲ್ಲುವುದಿಲ್ಲವಲ್ಲ. ತಿನ್ನುವ ಸಾಮಾನಾದರೆ ಮಾಡುವವರ ಹತ್ತಿರ ಎಫ್‌ಎಸ್‌ಎಸ್‌ಎಐ ನೋಂದಣಿ ಇದೆಯಾ ನೋಡಿಕೋ, ಇಲ್ಲದಿದ್ದರೆ ದೊಡ್ಡ ಹಾಸ್ಟೆಲ್‌ನವರು ಒಳಗೆ ಬಿಡುವುದಿಲ್ಲ.

ಯಶಸ್ಸು ನಿಮ್ಮದು
ಹಾಯ್ ಫ್ರೆಂಡ್. ನಿಮ್ಮಂಥ ಮಾತುಗಾರರಿಗೆ ಒಂದು ಸುವರ್ಣಾವಕಾಶ ಇದೆ. 6,500 ಕಟ್ಟಿ ಸೇರಿದರೆ ಕಿಟ್ ಸಿಗುತ್ತದೆ. ಇಬ್ಬರನ್ನು ಸೇರಿಸಿದರೆ ಸಾಕು. ಇನ್‌ಬಾಕ್ಸ್‌ಗೆ ಬನ್ನಿ.

ಸುಮ್ನೆ ಓದೋಳು
ಬಂದರಪ್ಪ. ನಾನು ಕಾಯುತ್ತಿದ್ದೆ.

ಲೆಕ್ಕದ ಮೇಷ್ಟ್ರು
2021ರ ನೇರ ಮಾರಾಟದ ನಿಯಮದಲ್ಲಿ ಸೇರಲು ದುಡ್ಡು ಕಟ್ಟಿಸಿಕೊಳ್ಳುವಂತಿಲ್ಲ. ಜನರನ್ನು ಸೇರಿಸಿದ್ದಕ್ಕೆ ದುಡ್ಡು ಕೊಡುವ ಪಿರಮಿಡ್ ಸ್ಕೀಮೂ ನಿಷೇಧ. ಇವರು ಎರಡನ್ನೂ ಮೂರೇ ಸಾಲಿನಲ್ಲಿ ಬರೆದಿದ್ದಾರೆ. ಭಲೇ.

ಹಾಳೆ ಮನೆ ಚಂದ್ರಕ್ಕ
ನಾವು ಹಾಳೆ ತಟ್ಟೆ ಮಾಡುವವರು. ಚನ್ನಗಿರಿ ಅಲ್ಲ, ಸಾಗರದ ಕಡೆ. ಈ ಚರ್ಚೆಯನ್ನು ಮಗ ತೋರಿಸಿದ. ಆರ್ಡರ್‌ಮ್ಯಾನ್ ಅಣ್ಣ ಹೇಳಿದ್ದು ಬಹಳ ಮಟ್ಟಿಗೆ ಸರಿ. ಆದರೆ ಮಾತು ಬರುವವರು ಅಂದರೆ ನಮಗೆ ಸ್ವಲ್ಪ ಹೆದರಿಕೆ. ಯಾಕೆ ಅಂತ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬಂದಿದ್ದ. ನಿಮ್ಮ ಹಾಗೇ ಚೂಟಿ. ಹತ್ತು ದಿನದಲ್ಲಿ ಒಂದು ದೊಡ್ಡ ಸಮಾರಂಭಕ್ಕೆ 20 ಸಾವಿರ ತಟ್ಟೆ ಒಪ್ಪಿಕೊಂಡು ಬಂದ. ನಮ್ಮ ಮಿಷನ್ನಿನಲ್ಲಿ ಕರೆಂಟ್ ಸರಿಯಾಗಿದ್ದರೆ ದಿನಕ್ಕೆ ಸಾವಿರ. ಅಂದರೆ ಹತ್ತು ದಿನಕ್ಕೆ ಹತ್ತು ಸಾವಿರ. ಉಳಿದ ಹತ್ತು ಸಾವಿರ ಎಲ್ಲಿಂದ? ಅವನೇ ಬೇರೆ ಎರಡು ಕಡೆಯಿಂದ ಕೂಡಿಸಿದ. ಒಂದೊಂದು ಕಡೆಯದ್ದು ಒಂದೊಂದು ದಪ್ಪ, ಒಂದೊಂದು ಬಣ್ಣ. ಒಂದು ಕಡೆಯದ್ದು ಹಸಿ ಇತ್ತು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದ್ದರು, ಬಿಚ್ಚಿದಾಗ ಬೂಷ್ಟು. ಹೆಸರು ಕೆಟ್ಟದ್ದು ನಮ್ಮದು, ಯಾಕೆಂದರೆ ಬಿಲ್ ನಮ್ಮದು.

ಆದ್ದರಿಂದ ನಮ್ಮಂಥವರ ಹತ್ತಿರ ಬಂದರೆ ಮೊದಲು ಕೇಳಿ, ದಿನಕ್ಕೆ ಎಷ್ಟು ಆಗುತ್ತದೆ, ಒಣಗಿದ ಹಾಳೆ ಎಷ್ಟು ದಾಸ್ತಾನು ಇದೆ. ಹಾಳೆ ಬೀಳುವುದು ಬೇಸಿಗೆ ಕಡೆಗೆ. ಮಳೆ ಶುರುವಾಗುವ ಮೊದಲು ಒಣಗಿಸಿ ಒಳಗೆ ಹಾಕಿದವರಿಗೆ ಮಾತ್ರ ಮಳೆಗಾಲದಲ್ಲಿ ಒಳ್ಳೆ ತಟ್ಟೆ ಕೊಡೋಕೆ ಆಗುತ್ತದೆ. ನೆನೆದ ಹಾಳೆ ತಂದು ಒತ್ತಿದರೆ ಕಪ್ಪು ಕಲೆ ಹೋಗುವುದಿಲ್ಲ.

ಸೀರೆ ಕೌಂಟರ್ 27
ಅಕ್ಕಾ, ತಟ್ಟೆ ಒಣಗಿದೆಯೋ ಇಲ್ಲವೋ ಅಂತ ನನ್ನಂಥವನಿಗೆ ಹೇಗೆ ಗೊತ್ತಾಗುತ್ತದೆ?

ಹಾಳೆ ಮನೆ ಚಂದ್ರಕ್ಕ
ಎರಡು ತಟ್ಟೆ ತಗೊಂಡು ಅಂಚಿಗೆ ಅಂಚು ಬಡಿಯಿರಿ. ಒಣಗಿದ್ದು ಟಕ್ ಟಕ್ ಅನ್ನುತ್ತದೆ, ಹಸಿ ಇದ್ದದ್ದು ಮೆತ್ತಗೆ ಡಬ್ ಅನ್ನುತ್ತದೆ. ಕಟ್ಟಿನ ನಡುವಿನಿಂದ ತೆಗೆಯಿರಿ, ಮೇಲಿನದು ಬೇಡ. ಮೇಲಿನದನ್ನು ಎಲ್ಲರೂ ಒಳ್ಳೆಯದೇ ಇಟ್ಟಿರುತ್ತಾರೆ, ನಾವೂ ಇಡುತ್ತೇವೆ! ಮೂಗಿಗೆ ಹಿಡಿದು ನೋಡಿ, ಹುಳಿ ವಾಸನೆ ಬಂದರೆ ಬಿಡಿ. ಆಮೇಲೆ ಬಿಸಿ ಸಾರು ಹಾಕಿ ಇಪ್ಪತ್ತು ನಿಮಿಷ ಒಂದು ಹಳೇ ಪೇಪರ್ ಮೇಲೆ ಇಡಿ. ಪೇಪರ್ ನೆಂದರೆ ಹಾಳೆಯಲ್ಲಿ ಸಣ್ಣ ಸೀಳು ಇದೆ ಅಂತ.

ಸೀರೆ ಅಂಗಡಿಯಲ್ಲಿ ಇರುವವರಿಗೆ ಇದು ಕಷ್ಟ ಅಲ್ಲ. ನೀವು ಜರಿ ನೋಡುವುದಿಲ್ಲವಾ, ಹಾಗೇ.

ಹಳೇ ಆರ್ಡರ್‌ಮ್ಯಾನ್
ಚಂದ್ರಕ್ಕ ಹೇಳಿದ ಆ ಸಾರಿನ ಪರೀಕ್ಷೆಯನ್ನು ಕಾಂಟ್ರಾಕ್ಟರ್ ಎದುರಿಗೇ ಮಾಡು. ಅವರ ಅಡುಗೆಮನೆಯಲ್ಲಿ, ಅವರದೇ ಸಾರು, ಅವರು ಈಗ ತರಿಸುವ ತಟ್ಟೆ ಒಂದು, ನಿನ್ನದು ಒಂದು. ಹಾಕಿಟ್ಟು ಬಾಯಿ ಮುಚ್ಚಿಕೊಂಡು ಕೂರು. ಇಪ್ಪತ್ತು ನಿಮಿಷ. ನಿನಗೆ ಅದೇ ಕಷ್ಟ ಆಗುವುದು ನೋಡು.

ಹುಬ್ಳಿ ಗಿರ್ಮಿಟ್
ಅದೇ ನಾನೂ ಹೇಳಬೇಕು ಅಂತಿದ್ದೆ. ಮಾತು ಜಾಸ್ತಿ ಇರೋದೇ ಮಾರಾಟ ಅಂತ ಎಲ್ಲರೂ ತಿಳಿದಿದ್ದಾರೆ. ನಮ್ಮ ಹೋಟೆಲಿಗೆ ಒಬ್ಬ ಮಸಾಲೆ ಮಾರೋಕೆ ಬರುತ್ತಿದ್ದ. ನಾನು "ಸರಿ, ಐದು ಕೆಜಿ ಕಳಿಸು" ಅಂದೆ. ಅಲ್ಲಿಗೆ ಮುಗಿಯಬೇಕಿತ್ತು. ಅವನು ಖುಷಿಗೆ ಇನ್ನೂ ಮಾತಾಡಿದ. "ಸಾರ್, ಪಕ್ಕದ ಹೋಟೆಲ್‌ನವರೂ ಇದನ್ನೇ ಹಾಕುತ್ತಾರೆ" ಅಂದ. ಪಕ್ಕದವನ ರುಚಿಯೇ ನನ್ನಲ್ಲೂ ಬೇಡ ಅಂತ ಅಲ್ಲೇ ಕ್ಯಾನ್ಸಲ್ ಮಾಡಿದೆ.

ಸೀರೆ ಕೌಂಟರ್ 27
ಅಯ್ಯೋ ಇದು ನಾನೇ 😅 ಬಿಲ್ ಬರೆಯುವಾಗ "ಅಕ್ಕಾ ನೀಲಿಯೂ ನಿಮಗೆ ಚೆನ್ನಾಗಿತ್ತು" ಅಂದು ಎಷ್ಟು ಸಲ ಮತ್ತೆ ಸೀರೆ ಬಿಡಿಸಿದ್ದೇನೋ.

ಸೈಟು ಸೀನಣ್ಣ
ಒಂದು ಕೇಳುತ್ತೇನೆ. ಕಾಂಟ್ರಾಕ್ಟರ್‌ಗೂ ಘಟಕದವರಿಗೂ ಪರಿಚಯ ಆದ ಮೇಲೆ ಇವನು ಯಾಕೆ ಬೇಕು? ಮೂರನೇ ಆರ್ಡರ್‌ಗೆ ಇವನನ್ನು ಪಕ್ಕಕ್ಕೆ ತಳ್ಳಿ ಇಬ್ಬರೂ ನೇರ ಮಾತಾಡಿಕೊಳ್ಳುತ್ತಾರೆ. ನಮ್ಮ ಬ್ರೋಕರ್ ಲೈನಿನಲ್ಲಿ ಅದೇ ದೊಡ್ಡ ರೋಗ. ಅದಕ್ಕೇ ನಾನು ಹೇಳೋದು, ಕಮಿಷನ್ ಬೇಡ. 11 ಸಾವಿರದಲ್ಲಿ ಎರಡು ಸಾವಿರ ತಟ್ಟೆ ನೀನೇ ಕೊಂಡು ನಿನ್ನ ರೇಟಿಗೆ ಮಾರು. ಘಟಕದವರು ಯಾರು ಅಂತ ಗಿರಾಕಿಗೆ ಗೊತ್ತೇ ಆಗಬಾರದು.

ಹಳೇ ಆರ್ಡರ್‌ಮ್ಯಾನ್
ತಳ್ಳುತ್ತಾರೆ, ಸುಳ್ಳಲ್ಲ. ನನ್ನನ್ನೂ ತಳ್ಳಿದ್ದಾರೆ. ಹೇಗೆ ಗೊತ್ತಾಯಿತು ಅಂದರೆ, ಒಬ್ಬರು ಎರಡು ತಿಂಗಳಿಂದ "ಕೆಲಸ ಕಡಿಮೆ" ಅನ್ನುತ್ತಿದ್ದರು. ಸುಮ್ನೆ ಟೀ ಕುಡಿಯೋಕೆ ಹೋದಾಗ ಅವರ ಗೋಡೌನ್‌ನಲ್ಲಿ ನಮ್ಮದೇ ಫ್ಯಾಕ್ಟರಿ ಚೀಟಿ ಅಂಟಿಸಿದ ಕಟ್ಟು ಕಂಡಿತು. ಅದಕ್ಕೆ ಇಷ್ಟು ಮಾಡು. ಪ್ರತಿ ಹೊಸ ಗಿರಾಕಿಯ ಹೆಸರನ್ನು ಆರ್ಡರ್‌ಗೆ ಮುಂಚೆಯೇ ಘಟಕದವರಿಗೆ ವಾಟ್ಸಾಪ್‌ನಲ್ಲಿ ಕಳಿಸು. "ಇವರನ್ನು ನಾನು ತರುತ್ತಿದ್ದೇನೆ, ಕಮಿಷನ್ ಇಷ್ಟು, ಇಷ್ಟು ವರ್ಷ." ಅವರು "ಆಯ್ತು" ಅಂತ ಒಂದು ಪದ ಬರೆಯಲಿ. ದಿನಾಂಕ ತಾನಾಗೇ ಇರುತ್ತದೆ. ಕೋರ್ಟಿಗೆ ಹೋಗೋಕೆ ಅಲ್ಲ, ಮುಖ ನೋಡಿ ಮಾತಾಡೋಕೆ.

ಮಾಲು ಕೊಂಡು ಮಾರುವುದು ಮಾತ್ರ ಬೇಡ. ಇರುವ ದುಡ್ಡೆಲ್ಲ ತಟ್ಟೆ ಆಗುತ್ತದೆ. ಕಾಂಟ್ರಾಕ್ಟರ್ "ಮುಂದಿನ ತಿಂಗಳು ಕೊಡುತ್ತೇನೆ" ಅಂದರೆ ಎರಡನೇ ಲೋಡಿಗೆ ಏನು ಮಾಡುತ್ತಾನೆ?

ಸೈಟು ಸೀನಣ್ಣ
ಕಮಿಷನ್ ಆದರೂ ಉದ್ರಿ ಉದ್ರಿಯೇ ಅಲ್ವಾ? ದುಡ್ಡು ಬಂದ ಮೇಲೇ ಪಾಲು ಅಂತ ನೀವೇ ಹೇಳಿದಿರಿ.

ಹಳೇ ಆರ್ಡರ್‌ಮ್ಯಾನ್
ಹೌದು, ಆದರೆ ಮುಳುಗುವುದು ಅವನ ಶ್ರಮ, ಅವನ ಗಂಟಲ್ಲ. ಯಾರು ದುಡ್ಡು ಸತಾಯಿಸುತ್ತಾರೆ ಅಂತ ಮೊದಲೇ ತಿಳಿಯಬೇಕಾ? ಬೆಳಿಗ್ಗೆ ತರಕಾರಿ ಮಂಡಿಗೆ ಹೋಗು. ಅಡುಗೆ ಕಾಂಟ್ರಾಕ್ಟರ್‌ಗಳ ಜಾತಕ ಎಲ್ಲಾ ತರಕಾರಿ ವ್ಯಾಪಾರಿಗಳ ಹತ್ತಿರ ಇರುತ್ತದೆ. ಅವರು ಯಾರಿಗೆ ನಗದು ಇಲ್ಲದೆ ಚೀಲ ಎತ್ತಿಸುವುದಿಲ್ಲವೋ ಅವರ ಬಾಗಿಲಿಗೆ ನೀನೂ ಹೋಗಬೇಡ.

ಹಾಳೆ ಮನೆ ಚಂದ್ರಕ್ಕ
ಸೀನಣ್ಣ ಹೇಳಿದ ಹಾಗೆ ಕೊಂಡು ಮಾರುವವರೇ ನಮಗೆ ಇಷ್ಟ. ನಮಗೆ ಅಂದೇ ದುಡ್ಡು. ಕಮಿಷನ್‌ನವರಾದರೆ ವಸೂಲಿಗೆ ನಾವು ಕಾಯಬೇಕು. ಆರ್ಡರ್‌ಮ್ಯಾನ್ ಅಣ್ಣ ತಮ್ಮ ಕಡೆಯಿಂದ ಮಾತ್ರ ನೋಡುತ್ತಿದ್ದಾರೆ.

ಹುಬ್ಳಿ ಗಿರ್ಮಿಟ್
ಅಮೆರಿಕದ ಎಫ್‌ಡಿಎ 2025ರಲ್ಲಿ ಅಡಿಕೆ ಹಾಳೆ ತಟ್ಟೆ ಊಟಕ್ಕೆ ಸುರಕ್ಷಿತ ಅಲ್ಲ ಅಂದಿದೆಯಲ್ಲ, ಅದರ ಕಥೆ ಏನು? ಇವನನ್ನು ಮುಳುಗುವ ದೋಣಿಗೆ ಹತ್ತಿಸುತ್ತಿದ್ದೀರಾ?

ಹಾಳೆ ಮನೆ ಚಂದ್ರಕ್ಕ
ರಫ್ತು ಮಾಡುವವರಿಗೆ ಪೆಟ್ಟು ಬಿದ್ದಿದ್ದು ನಿಜ. ನಮ್ಮ ಮಾಲು ಶಿವಮೊಗ್ಗ ದಾಟುವುದೇ ಕಮ್ಮಿ. ಅಜ್ಜನ ಕಾಲದಿಂದ ಹಾಳೆಯಲ್ಲಿ ಉಂಡಿದ್ದೇವೆ ಅಂತ ನಾನು ಹೇಳಬಹುದು, ಆದರೆ ಅದು ಉತ್ತರ ಆಗುವುದಿಲ್ಲ ಅಂತ ಮಗ ಬೈಯುತ್ತಾನೆ. ಯಾರಾದರೂ ತಿಳಿದವರು ಬರೆಯಿರಿ.

ಲೆಕ್ಕದ ಮೇಷ್ಟ್ರು
ಇಲ್ಲಿ ನಿಜವಾದ ಪೈಪೋಟಿ ಅದಲ್ಲ. 2022ರ ಜುಲೈಯಿಂದ ದೇಶದಲ್ಲೆಲ್ಲ ಪ್ಲಾಸ್ಟಿಕ್ ತಟ್ಟೆ ನಿಷೇಧ, ಕರ್ನಾಟಕದಲ್ಲಿ 2016ರಿಂದಲೇ. ಆದರೂ ಒಳಗೆ ಹೊಳೆಯುವ ಪದರ ಇರುವ ಪೇಪರ್ ತಟ್ಟೆ ಎಲ್ಲಾ ಕಡೆ ಇದೆ, ರೇಟೂ ಕಡಿಮೆ. ಕಾಂಟ್ರಾಕ್ಟರ್ ಅದನ್ನೇ ತೋರಿಸಿ ಚೌಕಾಸಿ ಮಾಡುತ್ತಾರೆ. ಮತ್ತೆ ಮದುವೆ ಪಂಕ್ತಿಗೆ ನಮ್ಮಲ್ಲಿ ಬಾಳೆ ಎಲೆಯೇ ಬೇಕು. ತಟ್ಟೆ ಹೋಗುವುದು ಬಫೆಗೆ, ಬೆಳಗಿನ ತಿಂಡಿಗೆ, ಆಫೀಸು ಕಾರ್ಯಕ್ರಮಕ್ಕೆ. ಮೊದಲು ಅದನ್ನು ಎಣಿಸಿ, ತಲೆ ಲೆಕ್ಕ ಅಲ್ಲ.

ಕೋಟೆ ಕೆರೆ
ತಿಂಡಿ ಅಂದಿದ್ದಕ್ಕೆ ನೆನಪಾಯಿತು. ಬೆಣ್ಣೆ ದೋಸೆ ಹಾಳೆ ತಟ್ಟೆಯಲ್ಲಿ ಕೊಟ್ಟರೆ ಬೆಣ್ಣೆ ಎಲ್ಲಾ ತಟ್ಟೆಯೇ ಕುಡಿಯುತ್ತದೆ ಗುರು. ಅದಕ್ಕೆ ಮಾತ್ರ ಮಾರಬೇಡ.

ಹುಬ್ಳಿ ಗಿರ್ಮಿಟ್
ಬೆಣ್ಣೆ ಹಾಕಿದ ದೋಸೆ ಎಲ್ಲಾ ಬೆಣ್ಣೆ ದೋಸೆ ಆಗಲ್ಲ, ಆ ಜಗಳ ಇನ್ನೊಂದು ದಿನ ಇಟ್ಟುಕೊಳ್ಳೋಣ.

ಸೀರೆ ಕೌಂಟರ್ 27
ಹದಿನಾರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕೆಲಸ ಬಿಟ್ಟಿಲ್ಲ. ವಾರದ ರಜೆ ದಿನ, ಮತ್ತೆ ಬೆಳಿಗ್ಗೆ ಅಂಗಡಿಗೆ ಮುಂಚೆ ಓಡಾಡಿದೆ. ಹನ್ನೊಂದು ಕಾಂಟ್ರಾಕ್ಟರ್‌ಗಳನ್ನು ನೋಡಿದೆ. ನಾಲ್ವರು ಒಳಗೇ ಬಿಡಲಿಲ್ಲ. ಉಳಿದ ಏಳರಲ್ಲಿ ಐದು ಜನ ಹೇಳಿದ್ದು ಸೋರುವುದೂ ಅಲ್ಲ, ಬೂಷ್ಟೂ ಅಲ್ಲ. ಕಟ್ಟಿನಲ್ಲಿ 25 ಅಂತ ಬರೆದಿರುತ್ತದೆ, ಎಣಿಸಿದರೆ 23 ಇರುತ್ತದೆ! ಇದು ಇಲ್ಲಿ ಯಾರೂ ಹೇಳಿರಲಿಲ್ಲ.

ಚನ್ನಗಿರಿ ಹತ್ತಿರ ಎರಡು ಘಟಕ ನೋಡಿದೆ. ಒಂದು ಕಡೆ ಡಬ್ ಅಂದಿತು. ಇನ್ನೊಂದು ಕಡೆ ಗಂಡ ಹೆಂಡತಿ ಇಬ್ಬರೇ, ತಟ್ಟೆ ಟಕ್ ಟಕ್. ನನ್ನ ಎದುರಿಗೇ ಕಟ್ಟು ಬಿಚ್ಚಿ 25 ಎಣಿಸಿ ಕೊಟ್ಟರು. 7 ಪರ್ಸೆಂಟ್‌ಗೆ ಒಪ್ಪಿದ್ದಾರೆ, ಎರಡು ವರ್ಷ. ವಾಟ್ಸಾಪ್‌ನಲ್ಲಿ "ಆಯ್ತು ತಮ್ಮ" ಅಂತ ಬರೆದರು. ಸಾರಿನ ಪರೀಕ್ಷೆ ಮನೆಯಲ್ಲೇ ಮಾಡಿದೆ. ಊಟಕ್ಕೆ ಇಟ್ಟ ಸಾರೆಲ್ಲ ತಟ್ಟೆಗೆ ಹಾಕಿದೆ ಅಂತ ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು.

ಈಗ ಸಮಸ್ಯೆ ಏನೆಂದರೆ ಒಬ್ಬ ಕಾಂಟ್ರಾಕ್ಟರ್ ಒಪ್ಪಿದ್ದಾರೆ, ಆದರೆ ಮೊದಲು 300 ತಟ್ಟೆ ಸ್ಯಾಂಪಲ್ ಪುಕ್ಕಟೆ ಕೇಳುತ್ತಿದ್ದಾರೆ, ಒಂದು ನಾಮಕರಣಕ್ಕೆ ಬಳಸಿ ನೋಡುತ್ತೇನೆ ಅಂತ. ಘಟಕದವರು 10 ಕೊಡುತ್ತೇವೆ ಅನ್ನುತ್ತಾರೆ. 300 ನಾನೇ ದುಡ್ಡು ಕೊಟ್ಟು ಕೊಡಿಸಲಾ?

ಹಳೇ ಆರ್ಡರ್‌ಮ್ಯಾನ್
ಬೇಡ. 300 ಸ್ಯಾಂಪಲ್ ಅಲ್ಲ, ಅದು ನಾಮಕರಣ.

ಸೈಟು ಸೀನಣ್ಣ
ಕೊಡು. 1,500 ರೂಪಾಯಿಗೆ ಒಬ್ಬ ಗಿರಾಕಿ ಸಿಕ್ಕರೆ ಅಗ್ಗವೇ.

ಹಾಳೆ ಮನೆ ಚಂದ್ರಕ್ಕ
ಅರ್ಧ ರೇಟಿಗೆ ಕೊಡಿಸಿ ನೋಡಿ. ಅದಕ್ಕೂ ಆಗಲ್ಲ ಅಂದರೆ ಅವರು ಆಮೇಲೂ ದುಡ್ಡು ಕೊಡುವವರಲ್ಲ.

ಸುಮ್ನೆ ಓದೋಳು
ತರಕಾರಿ ಮಂಡಿಯಲ್ಲಿ ಇವರ ಬಗ್ಗೆ ಕೇಳಿದಿರಾ?

ಸೀರೆ ಕೌಂಟರ್ 27
ಇಲ್ಲ ಅಕ್ಕಾ, ಮರೆತೇ ಹೋಯಿತು. ನಾಳೆ ಐದೂವರೆಗೆ ಹೋಗುತ್ತೇನೆ.